ಮೂರು ಸ್ಟ್ರಿಪ್, ಒಳಗೆ ಒಂದೇ ಪ್ಯಾರಾಸಿಟಮಾಲ್

ಫಾರ್ಮಕಾಲಜಿ ಓದುತ್ತಿರುವವರಿಗೆ ಈ ಟಿಪ್ಪಣಿ. ಪ್ಯಾರಾಸಿಟಮಾಲ್ ಪಾಠದಲ್ಲಿ ಡೋಸ್ ನೆನಪಿಟ್ಟರೆ ಪರೀಕ್ಷೆಗೆ ಸಾಕು. ಆದರೆ ಮನೆಯಲ್ಲಿ ತಪ್ಪಾಗುವುದು ಡೋಸ್‌ನಲ್ಲಲ್ಲ, ಕೂಡಿಸುವ ಲೆಕ್ಕದಲ್ಲಿ.

ಮೊದಲು ದೊಡ್ಡವರದ್ದು. ಒಂದು ಸಲಕ್ಕೆ 500ರಿಂದ 1000 ಮಿ.ಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, 6 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. 24 ಗಂಟೆಯಲ್ಲಿ ಎಲ್ಲಾ ಸೇರಿ 4000 ಮಿ.ಗ್ರಾಂ ದಾಟಬಾರದು. ಡಾಕ್ಟರನ್ನು ಕೇಳದೆ ಮನೆಯಲ್ಲೇ ತಗೊಳ್ಳುವಾಗ 3000ಕ್ಕೆ ನಿಲ್ಲಿಸುವುದು ನನಗೆ ಸರಿ ಅನಿಸುತ್ತದೆ. 24 ಗಂಟೆ ಅಂದರೆ ಕ್ಯಾಲೆಂಡರಿನ ದಿನವಲ್ಲ, ರಾತ್ರಿ 12 ಹೊಡೆದ ಕೂಡಲೇ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ. ತೂಕ 50 ಕಿಲೋಗಿಂತ ಕಡಿಮೆ ಇದ್ದವರಿಗೆ ಮಿತಿಯೂ ಕಡಿಮೆ. 40 ಕಿಲೋ ಇರುವ ಅಜ್ಜಿಗೆ ಕಿಲೋಗೆ 60ರಂತೆ ದಿನಕ್ಕೆ 2400 ಆಗುತ್ತದೆ, ಅಂದರೆ 650ರ ಮಾತ್ರೆ ಮೂರೇ, ನಾಲ್ಕಲ್ಲ. ದಿನಾ ಕುಡಿಯುವವರು, ಲಿವರ್ ತೊಂದರೆ ಇರುವವರು, ಜ್ವರದಲ್ಲಿ ಎರಡು ಮೂರು ದಿನ ಊಟವನ್ನೇ ಬಿಟ್ಟವರು ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು.

ಯಾಕೆ ಅಂತ ಗೊತ್ತಿದ್ದರೆ ಮರೆಯುವುದಿಲ್ಲ. ಮಾತ್ರೆಯ ಬಹುಪಾಲನ್ನು ಲಿವರ್ ನಿರಪಾಯ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಸ್ವಲ್ಪ ಭಾಗ ಮಾತ್ರ ಒಂದು ವಿಷವಸ್ತುವಾಗುತ್ತದೆ. ಅದನ್ನು ಹಿಡಿದು ಹಾಕುವುದು ಲಿವರ್‌ನಲ್ಲಿರುವ ಗ್ಲುಟಾಥಯೋನ್. ಡೋಸ್ ಜಾಸ್ತಿಯಾದರೆ ಗ್ಲುಟಾಥಯೋನ್ ಖಾಲಿಯಾಗುತ್ತದೆ, ಉಳಿದ ವಿಷ ಲಿವರ್‌ನ ಕೋಶಗಳನ್ನೇ ಸಾಯಿಸುತ್ತದೆ. ಊಟ ಬಿಟ್ಟವರಲ್ಲಿ ಗ್ಲುಟಾಥಯೋನ್ ದಾಸ್ತಾನು ಮೊದಲೇ ಕಡಿಮೆ ಇರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ದೊಡ್ಡಪ್ಪನಿಗೆ ಜ್ವರ, ನೆಗಡಿ, ಜೊತೆಗೆ ಹಳೆಯ ಮಂಡಿನೋವು ಅಂದುಕೊಳ್ಳಿ. ಜ್ವರಕ್ಕೆ ಡೋಲೋ 650, ದಿನಕ್ಕೆ ನಾಲ್ಕು: 2600. ನೆಗಡಿಗೆ ಮೆಡಿಕಲ್‌ನಲ್ಲಿ ಕೊಟ್ಟ ಮಾತ್ರೆ ಮೂರು ಹೊತ್ತು. ಅದರಲ್ಲಿ ಫಿನೈಲೆಫ್ರಿನ್, ಕ್ಲೋರ್ಫೆನಿರಮಿನ್ ಜೊತೆ ಪ್ಯಾರಾಸಿಟಮಾಲ್ 500 ಇದೆ: 1500. ಮಂಡಿಗೆ ಅಸೆಕ್ಲೋಫೆನಾಕ್ ಮಾತ್ರೆ ಎರಡು ಹೊತ್ತು, ಅದರಲ್ಲೂ ಪ್ಯಾರಾಸಿಟಮಾಲ್ 325: 650. ಒಟ್ಟು 4750. ಒಂದೊಂದನ್ನೂ ಹೇಳಿದಷ್ಟೇ ತಗೊಂಡಿದ್ದಾರೆ, ಆದರೂ ಮಿತಿ ದಾಟಿತು. ಇದನ್ನೇ ನಾಲ್ಕೈದು ದಿನ ಮಾಡಿದರೆ ಅಪಾಯ ಬೆಳೆಯುತ್ತಾ ಹೋಗುತ್ತದೆ. ನೆಗಡಿ ಮಾತ್ರೆ ತಗೊಳ್ಳುವ ದಿನಗಳಲ್ಲಿ ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಯಾವುದೂ ಬೇಡ, ಜ್ವರದ ಔಷಧಿ ಅದರೊಳಗೇ ಇದೆ.

ಇಲ್ಲಿ ಇನ್ನೊಂದು ತೊಂದರೆ ಇದೆ. ಅಂಗಡಿಯಲ್ಲಿ ನಾಲ್ಕು ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ ಅಲ್ವಾ? ನಮ್ಮ ಮನೆ ಡಬ್ಬಿಯಲ್ಲಿ ಅಂಥ ಒಂದು ತುಂಡು ಸಿಕ್ಕಿತು, ಹಿಂದೆ ತಿರುಗಿಸಿ ನೋಡಿದರೆ ಬ್ರ್ಯಾಂಡ್ ಹೆಸರಿನ ಅರ್ಧ ಇತ್ತು, ಒಳಗೆ ಏನೇನಿದೆ ಅಂತ ಬರೆದ ಭಾಗ ಅಂಗಡಿಯಲ್ಲೇ ಉಳಿದಿತ್ತು. ಹಾಗಾಗಿ ಕತ್ತರಿಸುವ ಮೊದಲೇ ಸ್ಟ್ರಿಪ್ ಇಸ್ಕೊಂಡು ಓದಿ, ಇಲ್ಲವೇ ಫೋಟೋ ತೆಗೆಯಿರಿ. ಬ್ರ್ಯಾಂಡ್ ಬೇಡ, ಕೆಳಗಿನ ಸಣ್ಣ ಅಕ್ಷರ ನೋಡಿ. ಅಮೆರಿಕದಿಂದ ಯಾರಾದರೂ ತಂದ ಮಾತ್ರೆಯಾದರೆ ಅಲ್ಲಿ ಅಸೆಟಾಮಿನೋಫೆನ್ ಅಂತ ಇರುತ್ತದೆ. ಅದೂ ಇದೇ.

ಮಕ್ಕಳಿಗೆ ವಯಸ್ಸಲ್ಲ, ತೂಕ ಮುಖ್ಯ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ, 24 ಗಂಟೆಯಲ್ಲಿ ಹೆಚ್ಚೆಂದರೆ ನಾಲ್ಕು ಸಲ. 12 ಕಿಲೋ ಮಗುವಿಗೆ ಒಂದು ಸಲಕ್ಕೆ 120ರಿಂದ 180. ಸಿರಪ್ 5 ಮಿ.ಲೀ.ಗೆ 120 ಇದ್ದರೆ 7.5 ಮಿ.ಲೀ.ಯಲ್ಲಿ 180 ಸಿಗುತ್ತದೆ, ಸರಿಯಾಯಿತು. ಆದರೆ 5 ಮಿ.ಲೀ.ಗೆ 250 ಇರುವ ಬಾಟಲಿಯೂ ಅಂಗಡಿಯಲ್ಲಿ ಸಿಗುತ್ತದೆ. ಕಳೆದ ಸಲ ಅಷ್ಟೇ ಕೊಟ್ಟಿದ್ದೆವಲ್ಲ ಅಂತ ಅದರಲ್ಲೂ 7.5 ಹಾಕಿದರೆ 375 ಆಯಿತು, ಎರಡು ಪಟ್ಟಿಗಿಂತ ಜಾಸ್ತಿ. ಡ್ರಾಪ್ಸ್ ಇನ್ನೂ ಗಟ್ಟಿ, ಸಾಮಾನ್ಯವಾಗಿ 1 ಮಿ.ಲೀ.ಯಲ್ಲೇ 100 ಮಿ.ಗ್ರಾಂ ಇರುತ್ತದೆ. ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ. ಅಮ್ಮ ಕೊಟ್ಟದ್ದು ಅಜ್ಜಿಗೆ ಗೊತ್ತಿಲ್ಲದೆ ಅವರೂ ಕೊಡುವುದುಂಟು, ಅದಕ್ಕೆ ಕೊಟ್ಟ ಸಮಯವನ್ನು ಬಾಟಲಿ ಪಕ್ಕದಲ್ಲೇ ಬರೆದಿಡಿ. ಮೂರು ತಿಂಗಳ ಒಳಗಿನ ಕೂಸಿಗೆ ಜ್ವರ ಬಂದರೆ ಸುಮ್ನೆ ಔಷಧಿ ಹಾಕಬೇಡಿ, ಡಾಕ್ಟರ ಹತ್ತಿರ ಹೋಗಿ. ಮಕ್ಕಳ ನೆಗಡಿ ಸಿರಪ್‌ನಲ್ಲೂ ಪ್ಯಾರಾಸಿಟಮಾಲ್ ಇರಬಹುದು, ಮೇಲಾಗಿ ಕ್ಲೋರ್ಫೆನಿರಮಿನ್-ಫಿನೈಲೆಫ್ರಿನ್ ಜೋಡಿಯನ್ನು 4 ವರ್ಷದೊಳಗಿನವರಿಗೆ ಕೊಡಬಾರದು ಅಂತ 2023ರಲ್ಲಿ ನಮ್ಮ ಔಷಧ ನಿಯಂತ್ರಕರೇ ಹೇಳಿದ್ದಾರೆ.

ಜಾಸ್ತಿ ಆಗಿದೆ ಅಂತ ಗೊತ್ತಾದರೆ ಲಕ್ಷಣಕ್ಕೆ ಕಾಯಬಾರದು. ಮೊದಲ ದಿನ ಏನೂ ಕಾಣದೆ ಇರಬಹುದು, ಸ್ವಲ್ಪ ವಾಕರಿಕೆ, ಸುಸ್ತು, ಅಷ್ಟೇ. ಅದನ್ನು ಜ್ವರದ ಸುಸ್ತು ಅಂದುಕೊಳ್ಳುತ್ತೇವೆ. ಬಲಪಕ್ಕೆಲುಬಿನ ಕೆಳಗೆ ನೋವು, ಹಳದಿ ಕಣ್ಣು ಬರುವ ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಅಂತ ಪ್ರತಿಮದ್ದು ಇದೆ, ಖಾಲಿಯಾದ ಗ್ಲುಟಾಥಯೋನನ್ನು ಅದು ಮತ್ತೆ ತುಂಬಿಸುತ್ತದೆ. ಒಮ್ಮೆಲೇ ಜಾಸ್ತಿ ತಗೊಂಡಿದ್ದರೆ 8 ಗಂಟೆಯೊಳಗೆ ಶುರುಮಾಡಿದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದರೂ ಕೊಡುತ್ತಾರೆ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್, ಬಾಟಲಿ ಎಲ್ಲವನ್ನೂ ಹಿಡಿದುಕೊಂಡು ಹೋಗಿ, ಯಾವುದನ್ನು ಎಷ್ಟು ಹೊತ್ತಿಗೆ ಎಷ್ಟು ತಗೊಂಡರು ಅಂತ ಅಲ್ಲಿ ಮೊದಲು ಕೇಳುವುದು ಅದನ್ನೇ.