ಓದುಗರ ಪ್ರಶ್ನೆ: ವಿದೇಶಿ ಕೊಟೇಶನ್‌ನಲ್ಲಿ ಕಾಣುವ ಬೆಲೆಯೇ ಕೊನೆಯ ಬೆಲೆಯೇ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ತೊಗರಿ ಬೇಳೆಯಲ್ಲಿ ಉಳಿಯುವ ಕಪ್ಪು ಕಾಳು, ಸಿಪ್ಪೆ ಅಂಟಿದ ಕಾಳುಗಳನ್ನು ತೆಗೆಯಲು ಕಲರ್ ಸಾರ್ಟರ್ ಹಾಕಬೇಕೆಂದು ಚೀನಾದ ಇಬ್ಬರು ಮಾರಾಟಗಾರರಿಂದ ಕೊಟೇಶನ್ ತರಿಸಿದ್ದೇವೆ. ಒಬ್ಬರು 20,000 ಡಾಲರ್, ಎಫ್‌ಒಬಿ ಶಾಂಘೈ ಎಂದು ಬರೆದಿದ್ದಾರೆ. ಇನ್ನೊಬ್ಬರು 21,200 ಡಾಲರ್, ಸಿಐಎಫ್ ನ್ಹಾವಾ ಶೇವಾ ಎಂದಿದ್ದಾರೆ. ಮೊದಲನೆಯದರಲ್ಲಿ ‘ಆಪ್ಶನಲ್’ ಎಂಬ ಪಟ್ಟಿಯೂ ಇದೆ. ಎರಡಕ್ಕೂ ವ್ಯಾಲಿಡಿಟಿ 30 ದಿನ. ಯಾವುದು ಅಗ್ಗ? ಮಿಲ್‌ಗೆ ಬಂದು ನಿಲ್ಲುವ ಹೊತ್ತಿಗೆ ನಮಗೆ ಎಷ್ಟು ಬೀಳುತ್ತದೆ?

ಉತ್ತರ: ನೀವು ಕಳುಹಿಸಿದ ವಿವರಗಳ ಮಟ್ಟಿಗೆ ಹೇಳುವುದಾದರೆ, 20,000 ಡಾಲರಿನ ಕೊಟೇಶನ್ ಅಗ್ಗವಲ್ಲ. ಎರಡೂ ಅಂಕಿಗಳು ಬೇರೆ ಬೇರೆ ಸ್ಥಳದಲ್ಲಿ ನಿಂತು ಹೇಳಿದ ಬೆಲೆಗಳು, ಮೇಲಾಗಿ ಅವುಗಳೊಳಗೆ ಸೇರಿರುವ ಸಾಮಾನೂ ಒಂದೇ ಅಲ್ಲ. ಆದ್ದರಿಂದ ಅವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಮೊದಲು ಎರಡನ್ನೂ ಒಂದೇ ಬಂದರಿಗೆ ಮತ್ತು ಒಂದೇ ಸಾಮಾನಿನ ಪಟ್ಟಿಗೆ ತರಬೇಕು.

ಬೆಲೆಯ ಪಕ್ಕದಲ್ಲಿರುವ ಮೂರಕ್ಷರದ ಸಂಕೇತದಿಂದ ಆರಂಭಿಸೋಣ. ಎಫ್‌ಒಬಿ, ಸಿಐಎಫ್ ಮುಂತಾದವು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು ಪ್ರಕಟಿಸುವ ಇನ್‌ಕೋಟರ್ಮ್ಸ್ ನಿಯಮಗಳಿಗೆ ಸೇರಿದವು. ಈಗ ಬಳಕೆಯಲ್ಲಿರುವುದು 2020ರ ಆವೃತ್ತಿ. ಸಂಕೇತದ ಮುಂದೆ ಊರಿನ ಹೆಸರು ಇಲ್ಲದಿದ್ದರೆ ಆ ಬೆಲೆ ಅರ್ಧ ಬರೆದಂತೆಯೇ, ಏಕೆಂದರೆ ಮಾರಾಟಗಾರನ ಖರ್ಚು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಹೇಳುವುದು ಆ ಹೆಸರೇ. ಎಫ್‌ಒಬಿ ಶಾಂಘೈ ಎಂದರೆ ಯಂತ್ರವನ್ನು ಶಾಂಘೈ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಮಾತ್ರ ಆ 20,000ದಲ್ಲಿದೆ. ಹಡಗಿನ ಬಾಡಿಗೆ, ವಿಮೆ ಮತ್ತು ಅಲ್ಲಿಂದ ಮುಂದಿನದೆಲ್ಲ ನಿಮ್ಮದು. ಸಿಐಎಫ್ ನ್ಹಾವಾ ಶೇವಾ ಎಂದರೆ ಮುಂಬೈ ಬಳಿಯ ಆ ಬಂದರಿನವರೆಗಿನ ಹಡಗಿನ ಬಾಡಿಗೆ ಮತ್ತು ಸಮುದ್ರ ವಿಮೆ ಬೆಲೆಯೊಳಗೇ ಬಂದಿವೆ. ಆದರೆ ನ್ಹಾವಾ ಶೇವಾದಲ್ಲಿ ಕಟ್ಟುವ ಸುಂಕ, ಬಂದರಿನ ಶುಲ್ಕಗಳು, ಸೊಲ್ಲಾಪುರದ ದಾರಿಯಲ್ಲಿ ಕಲಬುರಗಿಗೆ ಬರುವ ಲಾರಿ ಬಾಡಿಗೆ, ಮಿಲ್ ಅಂಗಳದಲ್ಲಿ ಇಳಿಸುವ ಕ್ರೇನ್, ಇವು ಎರಡು ಕೊಟೇಶನ್‌ಗಳಲ್ಲೂ ಇಲ್ಲ.

ಸಿಐಎಫ್ ಕುರಿತು ಬಹಳ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬಾಡಿಗೆ ಅವರೇ ಕೊಡುತ್ತಾರಾದ್ದರಿಂದ ಮುಂಬೈ ಮುಟ್ಟುವವರೆಗೆ ಹೊಣೆಯೂ ಅವರದೇ ಎಂದು ಭಾವಿಸಲಾಗುತ್ತದೆ. ಹಾಗಿಲ್ಲ. ಎಫ್‌ಒಬಿಯಲ್ಲಿ ಇರುವಂತೆಯೇ ಸಿಐಎಫ್‌ನಲ್ಲೂ ಸಾಮಾನು ಚೀನಾದ ಬಂದರಿನಲ್ಲಿ ಹಡಗಿಗೆ ಏರಿದ ಕ್ಷಣದಿಂದ ನಷ್ಟದ ಹೊಣೆ ನಿಮಗೆ ದಾಟುತ್ತದೆ. ದಾರಿಯಲ್ಲಿ ಪೆಟ್ಟಿಗೆ ಒಡೆದರೆ ನೀವು ಹೋಗಬೇಕಾದದ್ದು ಮಾರಾಟಗಾರನ ಬಳಿಗಲ್ಲ, ವಿಮಾ ಕಂಪನಿಯ ಬಳಿಗೆ. ಆ ವಿಮೆಯೂ ಎಂಥದ್ದು ಎಂದು ಕೇಳಬೇಕು. ಬೇರೇನೂ ಬರೆಯದಿದ್ದರೆ ಮಾರಾಟಗಾರ ಕೊಡಬೇಕಾದದ್ದು ಬೆಲೆಯ ಶೇ. 110ರ ಮೊತ್ತಕ್ಕೆ ‘ಸಿ’ ಕ್ಲಾಜ್ ಎನ್ನುವ ಕನಿಷ್ಠ ರಕ್ಷಣೆಯನ್ನು ಮಾತ್ರ. ಹಡಗು ಮುಳುಗುವುದು, ಬೆಂಕಿ ಬೀಳುವುದು, ಡಿಕ್ಕಿ ಹೊಡೆಯುವುದು ಇಂಥ ದೊಡ್ಡ ಅವಘಡಗಳು ಅದರಲ್ಲಿ ಬರುತ್ತವೆ. ಕಳವು ಮತ್ತು ಒರಟಾಗಿ ಎತ್ತಿಳಿಸಿದ್ದರಿಂದ ಆಗುವ ಹಾನಿ ಬರುವುದಿಲ್ಲ. ಕ್ಯಾಮೆರಾ, ಲೆನ್ಸ್, ಸರ್ಕ್ಯೂಟ್ ಬೋರ್ಡ್‌ಗಳೇ ತುಂಬಿರುವ ಸಾರ್ಟರ್‌ಗೆ ಹೆಚ್ಚಾಗಿ ಆಗುವ ಹಾನಿ ಈ ಎರಡನೆಯ ಬಗೆಯದು. ಆದ್ದರಿಂದ ಸಿಐಎಫ್ ಒಪ್ಪುವುದಾದರೆ ಇಂಥ ಹಾನಿಯೂ ಒಳಗೊಳ್ಳುವ ‘ಎ’ ಕ್ಲಾಜ್ ರಕ್ಷಣೆ ಕೊಡಬೇಕೆಂದೂ, ಅದು ಕಲಬುರಗಿಯ ಮಿಲ್ ತಲುಪುವವರೆಗೆ ಇರಬೇಕೆಂದೂ ಬರವಣಿಗೆಯಲ್ಲಿ ಕೇಳಿ. ಎಫ್‌ಒಬಿ ಆರಿಸಿದರೆ ಇಂಥ ವಿಮೆಯನ್ನು ಇಲ್ಲಿಯೇ ನೀವೇ ಮಾಡಿಸಬಹುದು, ಕ್ಲೇಮ್ ಬಂದಾಗ ಓಡಾಟವೂ ಕಡಿಮೆ.

ಇನ್ನು ನಿಮ್ಮ ಲೆಕ್ಕ. ಶಾಂಘೈಯಿಂದ ನ್ಹಾವಾ ಶೇವಾಕ್ಕೆ ಸಾಗಣೆ ಏರ್ಪಡಿಸಿಕೊಡುವ ನಿಮ್ಮ ಫಾರ್ವರ್ಡರ್ 900 ಡಾಲರ್ ಬಾಡಿಗೆ ಹೇಳಿದರು, ವಿಮೆಗೆ 60 ಡಾಲರ್ ಆಯಿತು ಎಂದು ಹಿಡಿಯೋಣ. ಆಗ ಮೊದಲನೆಯವರ ಯಂತ್ರ ನ್ಹಾವಾ ಶೇವಾ ಮಟ್ಟಕ್ಕೆ 20,960 ಆಗುತ್ತದೆ, ಅಂದರೆ ಎರಡನೆಯವರಿಗಿಂತ ಇನ್ನೂ 240 ಡಾಲರ್ ಕಡಿಮೆ. ಆದರೆ ನೀವು ಕಳುಹಿಸಿದ ಪಟ್ಟಿಗಳ ಪ್ರಕಾರ, ಗಾಳಿ ಊದಿ ಕೆಟ್ಟ ಕಾಳನ್ನು ತಳ್ಳುವ ಎಜೆಕ್ಟರ್ ವಾಲ್ವ್‌ಗಳ ಬಿಡಿಭಾಗದ ಸೆಟ್ ಎರಡನೆಯವರ ಬೆಲೆಯೊಳಗೆ ಸೇರಿದೆ. ಮೊದಲನೆಯವರಲ್ಲಿ ಅದು ಆಪ್ಶನಲ್, 600 ಡಾಲರ್. ಅದನ್ನು ಸೇರಿಸಿದ ಕೂಡಲೇ ಮೊದಲನೆಯದು 21,560 ಆಗಿ 360 ಡಾಲರ್ ದುಬಾರಿಯಾಗುತ್ತದೆ.

ಇಷ್ಟಕ್ಕೇ ಎರಡನೆಯವರಿಗೆ ಆರ್ಡರ್ ಕೊಡಬೇಡಿ. ಪೂರ್ತಿ ಕಂಟೇನರ್ ಅಲ್ಲದೆ ಇತರರ ಸರಕಿನ ಜೊತೆ ಪೆಟ್ಟಿಗೆಯಾಗಿ ಬರುವ ಸಾಮಾನಿನಲ್ಲಿ, ಮಾರಾಟಗಾರ ಆರಿಸಿದ ಸಾಗಣೆದಾರ ಅಲ್ಲಿ ಬಾಡಿಗೆಯನ್ನು ತೀರಾ ಕಡಿಮೆ ಮಾಡಿ, ಇಲ್ಲಿ ಡೆಲಿವರಿ ಆರ್ಡರ್ ಬಿಡಿಸಿಕೊಳ್ಳುವಾಗ ‘ಡೆಸ್ಟಿನೇಶನ್ ಚಾರ್ಜ್’ ಎಂದು ದೊಡ್ಡ ಬಿಲ್ಲು ಮುಂದಿಡುವುದುಂಟು. ಸಾಮಾನು ಆಗ ಅವರ ಕೈಯಲ್ಲಿರುವುದರಿಂದ ವಾದಿಸುವ ಸ್ಥಿತಿಯಲ್ಲಿ ನೀವಿರುವುದಿಲ್ಲ. ಹಾಗಾಗಿ ಆ ಸಾಗಣೆದಾರನ ಇಲ್ಲಿನ ಏಜೆಂಟ್ ಯಾರು, ಅವರ ಶುಲ್ಕದ ಪಟ್ಟಿ ಏನು ಎಂದು ಆರ್ಡರಿಗೆ ಮೊದಲೇ ತರಿಸಿಕೊಳ್ಳಿ. ಆ ಶುಲ್ಕ ನಿಮ್ಮ ಫಾರ್ವರ್ಡರ್ ಹೇಳುವುದಕ್ಕಿಂತ 360 ಡಾಲರಿನಷ್ಟು ಹೆಚ್ಚಾದರೆ ಎರಡನೆಯವರ ಅನುಕೂಲ ಹೋದಂತೆಯೇ.

ಸುಂಕದ ಲೆಕ್ಕವೂ ಇದೇ ಸಿಐಎಫ್ ಮೊತ್ತದ ಮೇಲೆ ನಡೆಯುತ್ತದೆ. ಕೊಟೇಶನ್ ಎಫ್‌ಒಬಿ ಆಗಿದ್ದರೂ ಕಸ್ಟಮ್ಸ್‌ನವರು ಬಾಡಿಗೆ, ವಿಮೆ ಕೂಡಿಸಿಯೇ ಸುಂಕ ಹಾಕುತ್ತಾರೆ. ಧಾನ್ಯ, ಬೇಳೆಕಾಳು ವಿಂಗಡಿಸುವ ಯಂತ್ರಗಳು ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ 8437ರ ಶೀರ್ಷಿಕೆಯಡಿ ಬರುತ್ತವೆ. ದರಗಳು ಬದಲಾಗುತ್ತಿರುವುದರಿಂದ ಆ ದಿನದ ದರವನ್ನು ಕಸ್ಟಮ್ಸ್ ಏಜೆಂಟರಿಂದಲೇ ಪಡೆಯಿರಿ. ಲೆಕ್ಕದ ರೀತಿ ತೋರಿಸಲಷ್ಟೇ ಮೂಲ ಸುಂಕ ಶೇ. 7.5, ಐಜಿಎಸ್‌ಟಿ ಶೇ. 18 ಎಂದು ಇಟ್ಟುಕೊಂಡರೆ, 21,560ಕ್ಕೆ ಮೂಲ ಸುಂಕ 1,617, ಆ ಸುಂಕದ ಶೇ. 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್ 162, ಇವೆಲ್ಲ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ ಸುಮಾರು 4,201. ಒಟ್ಟು 27,540 ಡಾಲರ್. ಐಜಿಎಸ್‌ಟಿ ಹೇಗಿದ್ದರೂ ವಾಪಸು ಸಿಗುತ್ತದೆ ಎಂದು ಇದನ್ನು ಲೆಕ್ಕದಿಂದ ಬಿಡುವವರಿದ್ದಾರೆ. ಆದರೆ ನೀವು ತೆರಿಗೆ ವಿನಾಯಿತಿಯಿರುವ ಬಿಡಿ ಬೇಳೆಯನ್ನಷ್ಟೇ ಮಾರುವವರಾದರೆ ಅದರ ಕ್ರೆಡಿಟ್ ಸಿಗುವುದಿಲ್ಲ. ಈ ಒಂದು ಮಾತನ್ನು ನಿಮ್ಮ ಆಡಿಟರ್ ಬಳಿ ಮೊದಲೇ ಖಚಿತಪಡಿಸಿಕೊಳ್ಳಿ. ಎಫ್‌ಒಬಿಯಲ್ಲಿ ತರಿಸುವವರು ಬಾಡಿಗೆಯ ಮತ್ತು ವಿಮೆಯ ರಸೀದಿಗಳನ್ನೂ ಜೋಪಾನ ಮಾಡಬೇಕು. ಸಮುದ್ರದ ಬಾಡಿಗೆ ಎಷ್ಟೆಂದು ತಿಳಿಯದಿದ್ದರೆ ಎಫ್‌ಒಬಿ ಬೆಲೆಯ ಶೇ. 20ನ್ನು ಬಾಡಿಗೆ ಎಂದು ಹಿಡಿಯಲು ನಿಯಮವಿದೆ. ನಿಮ್ಮ ಲೆಕ್ಕದಲ್ಲಿ ಅದು 900ರ ಬದಲು 4,120 ಆಗಿ, ಕೊಡದ ಬಾಡಿಗೆಗೂ ಸುಂಕ ಕಟ್ಟಬೇಕಾಗುತ್ತದೆ.

ಈಗ ಆಪ್ಶನಲ್ ಪಟ್ಟಿ. ಬೇಕಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಡಿ ಎನ್ನುವ ಧಾಟಿಯಲ್ಲಿ ಅದನ್ನು ಓದಬಾರದು. ಅಲ್ಲಿರುವುದು ಮೇಲಿನ ಬೆಲೆಯಲ್ಲಿ ಸೇರದ ಸಾಮಾನು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಯಂತ್ರ ನಡೆಯಲು ಅದು ಬೇಕೋ ಬೇಡವೋ ಎಂಬುದನ್ನು ನೀವೇ ಕಂಡುಕೊಳ್ಳಬೇಕು. ನಿಮ್ಮ ಪಟ್ಟಿಯ ಮೊದಲ ಸಾಲು ಏರ್ ಕಂಪ್ರೆಸರ್ ಮತ್ತು ಡ್ರೈಯರ್, 3,200 ಡಾಲರ್. ಕಲರ್ ಸಾರ್ಟರ್ ಕೆಲಸ ಮಾಡುವುದೇ ಗಾಳಿಯಿಂದ: ಜಾರುತ್ತಾ ಬೀಳುವ ಕಾಳನ್ನು ಕ್ಯಾಮೆರಾ ನೋಡುತ್ತದೆ, ಬಣ್ಣ ಕೆಟ್ಟಿದ್ದರೆ ಆ ಕಾಳಿಗೆ ಎದುರಾಗಿರುವ ಎಜೆಕ್ಟರ್ ವಾಲ್ವ್ ಕ್ಷಣಮಾತ್ರ ತೆರೆದು ಗಾಳಿಯ ಏಟಿನಿಂದ ಅದನ್ನು ಬೇರೆ ಬಾಯಿಗೆ ತಳ್ಳುತ್ತದೆ. ಕಂಪ್ರೆಸರ್ ಇಲ್ಲದೆ ಆ ಯಂತ್ರ ಒಂದು ಕಾಳನ್ನೂ ಬೇರ್ಪಡಿಸಲಾರದು. ಎರಡನೆಯವರ ಕೊಟೇಶನ್‌ನಲ್ಲಿ ಇದೇ ವಿಷಯ ಕೊನೆಯ ಪುಟದಲ್ಲಿ, ಗಾಳಿಯ ವ್ಯವಸ್ಥೆ ಖರೀದಿದಾರನದು ಎಂಬ ಒಂದೇ ಸಾಲಿನಲ್ಲಿದೆ. ಅಲ್ಲಿ ಬೆಲೆ ಕಾಣದ ಮಾತ್ರಕ್ಕೆ ಖರ್ಚು ಇಲ್ಲವೆಂದಲ್ಲ.

ಈ ಕಂಪ್ರೆಸರನ್ನು ಅಲ್ಲಿಂದ ತರಿಸುವುದಕ್ಕಿಂತ ಇಲ್ಲಿಯೇ ಕೊಳ್ಳುವುದು ಒಳಿತು ಎಂಬುದು ನನ್ನ ಅಭಿಪ್ರಾಯ. 3,200ರ ಮೇಲೆ ಬಾಡಿಗೆ, ಸುಂಕ ಎಲ್ಲ ಬೀಳುತ್ತದೆ, ಕೆಟ್ಟಾಗ ರಿಪೇರಿಯವರು ಹೈದರಾಬಾದ್ ಅಥವಾ ಸೊಲ್ಲಾಪುರದಿಂದ ಬರುವಂತಿದ್ದರೆ ಮಿಲ್ ಹೆಚ್ಚು ದಿನ ನಿಲ್ಲುವುದಿಲ್ಲ. ಆದರೆ ಇಲ್ಲಿ ಕೊಳ್ಳುವ ಮೊದಲು ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ, ಎಷ್ಟು ಒತ್ತಡದಲ್ಲಿ, ಎಷ್ಟು ಒಣಗಿದ್ದು ಬೇಕು ಎಂಬುದನ್ನು ಮಾರಾಟಗಾರರಿಂದ ಬರೆಸಿಕೊಳ್ಳಿ. ನೀರು ಅಥವಾ ಎಣ್ಣೆ ಬೆರೆತ ಗಾಳಿ ಹೋದರೆ ವಾಲ್ವ್‌ಗಳು ಅಂಟಿಕೊಂಡು ಒಳ್ಳೆಯ ಬೇಳೆಯೇ ಕಪ್ಪು ಕಾಳಿನ ಜೊತೆ ಹೊರಬೀಳತೊಡಗುತ್ತದೆ, ಮತ್ತು ಆಗ ಮಾರಾಟಗಾರ ಮೊದಲು ಬೊಟ್ಟು ಮಾಡುವುದು ನಿಮ್ಮ ಕಂಪ್ರೆಸರ್ ಕಡೆಗೆ. ಡ್ರೈಯರ್ ಆರಿಸುವಾಗ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಿರಿ. ಒಳಬರುವ ಗಾಳಿ ಬಿಸಿಯಾದಷ್ಟೂ ಡ್ರೈಯರ್‌ನ ಸಾಮರ್ಥ್ಯ ಕುಗ್ಗುತ್ತದೆ. ವಾಲ್ವ್‌ಗಳ ಸೆಟ್ ಮಾತ್ರ ಅವರಿಂದಲೇ ತೆಗೆದುಕೊಳ್ಳಿ, ಅದಕ್ಕೆ ಬದಲಿ ಇಲ್ಲಿ ಸುಲಭವಾಗಿ ಸಿಗದು.

ಪಟ್ಟಿಯ ಕೊನೆಯಲ್ಲಿರುವ ಇನ್‌ಸ್ಟಲೇಶನ್ ಸಾಲಿಗೆ ಒಟ್ಟು ಬೆಲೆಯೇ ಇಲ್ಲ, ಇಂಜಿನಿಯರ್‌ಗೆ ದಿನಕ್ಕೆ 150 ಡಾಲರ್ ಎಂದಷ್ಟೇ ಇದೆ. ದಿನಗಳ ಮಿತಿ, ವಿಮಾನ ಟಿಕೆಟ್, ವೀಸಾ, ವಸತಿ ಯಾರದು ಎಂದು ಕೇಳದೆ ಈ ಸಾಲನ್ನು ಒಪ್ಪಬೇಡಿ. ಜೊತೆಗೆ, ಆಪ್ಶನಲ್ ಸಾಮಾನಿನ ಬೆಲೆಯೂ ಎಫ್‌ಒಬಿ ಶಾಂಘೈ ಆಧಾರದ್ದೇ ಅಥವಾ ಕಾರ್ಖಾನೆಯ ಬಾಗಿಲಿನದೇ ಎಂಬುದನ್ನೂ ಕೇಳಬೇಕು.

ವ್ಯಾಲಿಡಿಟಿ 30 ದಿನ ಎಂಬುದು ಕೊಟೇಶನ್ನಿನ ತಾರೀಖಿನಿಂದ, ನಿಮ್ಮ ಕೈಗೆ ಬಂದ ದಿನದಿಂದಲ್ಲ. ಆ ಅವಧಿಯೊಳಗೆ ನಿಮ್ಮ ಒಪ್ಪಿಗೆ ಅವರಿಗೆ ತಲುಪಬೇಕು. ಕೆಲವರು ಮುಂಗಡವೂ ಅಷ್ಟರೊಳಗೆ ಜಮೆಯಾಗಬೇಕೆಂದು ಬರೆದಿರುತ್ತಾರೆ. ತಾರೀಖು 05/06 ಎಂದಿದ್ದರೆ ಅದು ಮೇ ತಿಂಗಳದೋ ಜೂನ್‌ನದೋ ಎಂದು ಊಹಿಸದೆ ತಿಂಗಳ ಹೆಸರು ಬರೆಸಿಕೊಳ್ಳಿ. ಇನ್ನೂ ಮುಖ್ಯವಾದದ್ದು, ಬೆಲೆ ನಮ್ಮ ಅಂತಿಮ ದೃಢೀಕರಣಕ್ಕೆ ಒಳಪಟ್ಟಿದೆ ಎಂಬ ಅರ್ಥದ ವಾಕ್ಯವೊಂದು ಕೆಳಗಿದ್ದರೆ, 30 ದಿನದೊಳಗೆ ಒಪ್ಪಿದರೂ ಅವರು ಬೆಲೆ ಏರಿಸಬಹುದು. ಬ್ಯಾಂಕ್ ಸಾಲ ಮಂಜೂರಾಗಲು ತಿಂಗಳಿಗಿಂತ ಹೆಚ್ಚು ಹಿಡಿಯುವ ಲಕ್ಷಣವಿದ್ದರೆ ಅವಧಿ ಮುಗಿಯುವ ಮೊದಲೇ, ಆಪ್ಶನಲ್ ಸಾಮಾನಿನ ಬೆಲೆಯನ್ನೂ ಸೇರಿಸಿ, ವಿಸ್ತರಣೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ವ್ಯಾಲಿಡಿಟಿ ಹಿಡಿದಿಡುವುದು ಡಾಲರಿನ ಅಂಕಿಯನ್ನು ಮಾತ್ರ. ಡಾಲರ್ ಒಂದು ರೂಪಾಯಿ ಏರಿದರೆ 27,540 ಡಾಲರಿನ ನಿಮ್ಮ ಲೆಕ್ಕಕ್ಕೆ 27,540 ರೂಪಾಯಿ ಕೂಡುತ್ತದೆ.

ಮಾತುಕತೆ ಮುಗಿದ ಮೇಲೆ ಬ್ಯಾಂಕಿಗೆ ಕೊಡಲು ಅವರು ಪ್ರೊಫಾರ್ಮಾ ಇನ್‌ವಾಯ್ಸ್ ಕಳುಹಿಸುತ್ತಾರೆ. ಅದನ್ನು ಕೊಟೇಶನ್ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ: ಊರಿನ ಹೆಸರು ಉಳಿದಿದೆಯೇ, ವಿಮೆಯ ‘ಎ’ ಕ್ಲಾಜ್ ಬಂದಿದೆಯೇ, ವಾಲ್ವ್‌ಗಳ ಸೆಟ್ ಬೆಲೆಯೊಳಗೆ ಸೇರಿದೆಯೇ. ಕೊಟೇಶನ್‌ನಲ್ಲಿ ಸೇರಿದ್ದ ಸಾಮಾನು ಪ್ರೊಫಾರ್ಮಾದಲ್ಲಿ ಕಾಣದಿದ್ದರೆ ಮುಂಗಡ ಕಳುಹಿಸುವ ಮೊದಲೇ ಅದನ್ನು ಬರೆಸಿ, ಹೊಸ ಪ್ರತಿ ತರಿಸಿಕೊಳ್ಳಿ.