ಒಂದೇ ಆರ್ಡರ್, ಮೂರು ಪಾರ್ಸೆಲ್: ಬಾರದ ವಸ್ತುವಿನ ದುಡ್ಡು ಎಷ್ಟು ವಾಪಸ್ ಬರಬೇಕು?

ಓದುಗರ ಪ್ರಶ್ನೆ: ಮಿಕ್ಸಿ ಜಾರ್, ಬೆಡ್‌ಶೀಟ್, ಚಾರ್ಜ್ ಮಾಡುವ ಟಾರ್ಚ್ ಮೂರನ್ನೂ ಆನ್‌ಲೈನ್‌ನಲ್ಲಿ ಒಟ್ಟಿಗೆ ತರಿಸಿದೆ. ಕೂಪನ್ ಹಾಕಿ ಯುಪಿಐನಲ್ಲಿ ಒಂದೇ ಸಲ 2,100 ರೂಪಾಯಿ ಕಟ್ಟಿದ್ದೇನೆ. ಜಾರ್ ಮರುದಿನವೇ ಬಂತು, ಬೆಡ್‌ಶೀಟ್ ವಾರ ಕಳೆದ ಮೇಲೆ ಬಂತು, ಟಾರ್ಚ್ ಬರಲೇ ಇಲ್ಲ. 300 ರೂಪಾಯಿಯ ಟಾರ್ಚಿಗೆ ಈಗ 262.50 ಮಾತ್ರ ವಾಪಸ್ ಹಾಕಿದ್ದಾರೆ. ಇದು ಸರಿಯೇ?

ಉತ್ತರ: ಮೊತ್ತ ಸರಿಯಾಗಿದೆ. ಆದರೆ ನಿಮಗೆ ಅನುಮಾನ ಬಂದದ್ದೂ ಸಹಜ, ಏಕೆಂದರೆ ಲೆಕ್ಕವನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ನೀವು ದುಡ್ಡು ಕೊಟ್ಟದ್ದು ಒಂದು ಆ್ಯಪ್‌ಗೆ. ಮಾಲು ಮಾರಿದವರು ಮಾತ್ರ ಮೂವರು ಬೇರೆ ಬೇರೆ ವ್ಯಾಪಾರಿಗಳಿರಬಹುದು. ಇದನ್ನು ತಿಳಿಯಲು ಪಾರ್ಸೆಲ್ ಜೊತೆ ಬಂದ ಬಿಲ್ ನೋಡಿ. ಜಾರಿನ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ತೆರಿಗೆ ಎರಡು ಸಾಲಾಗಿದ್ದರೆ ಅದು ಕರ್ನಾಟಕದೊಳಗಿನಿಂದಲೇ ಹೊರಟ ಮಾಲು. ಬೆಡ್‌ಶೀಟಿನ ಬಿಲ್ಲಿನಲ್ಲಿ ಐಜಿಎಸ್‌ಟಿ ಎಂಬ ಒಂದೇ ಸಾಲಿದ್ದರೆ ಅದು ಹೊರರಾಜ್ಯದ್ದು. ಬೆಡ್‌ಶೀಟ್ ಆದರೆ ಹರಿಯಾಣದ ಪಾಣಿಪತ್‌ನಿಂದ ಬಂದಿದ್ದರೂ ಆಶ್ಚರ್ಯವಿಲ್ಲ. ಅಲ್ಲಿಂದ ಜಾರ್ ಇರುವ ಗೋದಾಮಿಗೆ ತರಿಸಿ, ಒಂದೇ ಡಬ್ಬಿಗೆ ಹಾಕಿ ಕಳಿಸುವುದಕ್ಕಿಂತ ನೇರವಾಗಿ ನಿಮ್ಮ ಮನೆಗೆ ಕಳಿಸುವುದೇ ಅಗ್ಗ. ಟಾರ್ಚಿನೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ವಿಮಾನದಲ್ಲಿ ಅದನ್ನು ಸಾಗಿಸಲು ಕಟ್ಟುನಿಟ್ಟಿನ ನಿಯಮಗಳಿರುವುದರಿಂದ ಇಂಥವನ್ನು ಹೆಚ್ಚಾಗಿ ರಸ್ತೆ ಮೇಲೆಯೇ ಕಳಿಸುತ್ತಾರೆ. ಒಬ್ಬನೇ ವ್ಯಾಪಾರಿಯ ಮಾಲಾದರೂ ಎರಡು ಊರಿನ ಗೋದಾಮಿನಲ್ಲಿದ್ದರೆ ಪಾರ್ಸೆಲ್ ಎರಡಾಗುತ್ತದೆ.

ಹಾಗಾಗಿ ಆರ್ಡರ್ ನಂಬರ್ ಒಂದೇ ಇದ್ದರೂ ಪ್ರತಿ ಪಾರ್ಸೆಲ್ಲಿಗೂ ಬೇರೆ ಟ್ರ್ಯಾಕಿಂಗ್ ನಂಬರ್ ಇರುತ್ತದೆ. ದೂರು ಕೊಡುವಾಗ ಬಾರದ ಪಾರ್ಸೆಲ್ಲಿನ ನಂಬರನ್ನೇ ಹೇಳಿ. ಆರ್ಡರ್ ನಂಬರ್ ಮಾತ್ರ ಹೇಳಿದರೆ, ತಲುಪಿದ ಜಾರನ್ನು ನೋಡಿ ‘ಡೆಲಿವರಿ ಆಗಿದೆ’ ಎಂದು ದೂರು ಮುಚ್ಚಿಬಿಡುವ ಸಾಧ್ಯತೆ ಇದೆ.

ಈಗ ಲೆಕ್ಕಕ್ಕೆ ಬರೋಣ. ಜಾರ್ 900, ಬೆಡ್‌ಶೀಟ್ 1,200, ಟಾರ್ಚ್ 300, ಒಟ್ಟು 2,400. ನೀವು ಕಟ್ಟಿದ್ದು 2,100, ಅಂದರೆ ಕೂಪನ್ 300 ರೂಪಾಯಿಯದು. ಆ ರಿಯಾಯಿತಿಯನ್ನು ಬೆಲೆಗೆ ತಕ್ಕಂತೆ ಮೂರೂ ವಸ್ತುಗಳಿಗೆ ಹಂಚುತ್ತಾರೆ. ಒಟ್ಟು ಬೆಲೆಯಲ್ಲಿ ಟಾರ್ಚಿನ ಪಾಲು ಎಂಟರಲ್ಲಿ ಒಂದು, ರಿಯಾಯಿತಿಯಲ್ಲೂ ಅಷ್ಟೇ: 37.50. ಹಾಗಾಗಿ ಟಾರ್ಚಿಗೆಂದು ನಿಮ್ಮ ಜೇಬಿನಿಂದ ಹೋದದ್ದು 262.50, ಬಂದದ್ದೂ ಅದೇ. ಜಾರಿಗೆ 787.50, ಬೆಡ್‌ಶೀಟಿಗೆ 1,050 ಬಿದ್ದಿದೆ. ಮೂರನ್ನೂ ಕೂಡಿಸಿದರೆ 2,100 ಸರಿಹೋಗುತ್ತದೆ. ಬ್ಯಾಂಕ್ ಕಾರ್ಡಿನ ರಿಯಾಯಿತಿಯನ್ನೂ ಸಾಮಾನ್ಯವಾಗಿ ಹೀಗೇ ಹಂಚುತ್ತಾರೆ. ಇಡೀ ಆರ್ಡರಿಗೆ ಒಂದೇ ಡೆಲಿವರಿ ಶುಲ್ಕ ಕಟ್ಟಿದ್ದರೆ ಅದರಲ್ಲಿ ಪಾಲು ವಾಪಸ್ ಬರುವುದೋ ಇಲ್ಲವೋ ಎಂಬುದು ಆಯಾ ಮಳಿಗೆಯ ನಿಯಮದ ಮೇಲಿದೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಪ್ರತಿ ಪಾರ್ಸೆಲ್ಲಿಗೂ ಅದರದೇ ಮೊತ್ತ ಕೇಳುವುದರಿಂದ ಬಾರದ ವಸ್ತುವಿಗೆ ರೀಫಂಡಿನ ಮಾತೇ ಇಲ್ಲ.

ದುಡ್ಡು ಯಾವಾಗ ಬರುತ್ತದೆ ಎಂಬುದು ಪಾರ್ಸೆಲ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಗೋದಾಮಿನಿಂದ ಹೊರಡುವ ಮೊದಲೇ ರದ್ದು ಮಾಡಿದರೆ ಬೇಗ ಬರುತ್ತದೆ. ದಾರಿಯಲ್ಲಿದ್ದಾಗ ರದ್ದು ಮಾಡಿದರೆ ಅದು ವಾಪಸ್ ಗೋದಾಮು ಸೇರುವವರೆಗೆ ಕಾಯಿಸುವವರಿದ್ದಾರೆ. ಕಳೆದುಹೋಗಿದ್ದರೆ ಕೊರಿಯರ್‌ನವರು ಹುಡುಕಿ, ಕಳೆದಿದೆ ಎಂದು ಒಪ್ಪಬೇಕು. ಹೆಚ್ಚು ತಡವಾಗುವುದು ಇಲ್ಲೇ. ಆ ಅವಧಿಯಲ್ಲಿ ತಾಳ್ಮೆಗೆಟ್ಟು ಬ್ಯಾಂಕಿನಲ್ಲಿ ಪೂರ್ತಿ 2,100ಕ್ಕೆ ತಕರಾರು ಹೂಡಬೇಡಿ. ಎರಡು ವಸ್ತು ತಲುಪಿರುವುದಕ್ಕೆ ವ್ಯಾಪಾರಿಯ ಬಳಿ ದಾಖಲೆ ಇರುವುದರಿಂದ ನಿಮ್ಮ ತಕರಾರೇ ಬಿದ್ದುಹೋದೀತು.

ರಿಸರ್ವ್ ಬ್ಯಾಂಕಿನ ನಿಯಮದಂತೆ, ನೀವು ಒಪ್ಪದ ಹೊರತು ರೀಫಂಡ್ ದುಡ್ಡು ಕಟ್ಟಿದ ದಾರಿಯಲ್ಲೇ ವಾಪಸ್ ಬರಬೇಕು. ‘ವ್ಯಾಲೆಟ್‌ಗೆ ಹಾಕಲೇ?’ ಎಂಬ ಬಟನ್ ಕೇಳುವುದು ಈ ಒಪ್ಪಿಗೆಯನ್ನೇ, ಓದಿ ಒತ್ತಿ. ಆ್ಯಪ್‌ನಲ್ಲಿ ‘ರೀಫಂಡ್ ಆಗಿದೆ’ ಎಂದಿದ್ದು ಖಾತೆಗೆ ಬಂದಿಲ್ಲದಿದ್ದರೆ ಆರ್‌ಆರ್‌ಎನ್ ಎಂಬ 12 ಅಂಕಿಯ ನಂಬರ್ ಕೇಳಿ ಪಡೆಯಿರಿ. ಯುಪಿಐ ರೀಫಂಡನ್ನು ಬ್ಯಾಂಕ್‌ನವರು ಅದರಿಂದಲೇ ಹುಡುಕುತ್ತಾರೆ. ಇದಕ್ಕಾಗಿ ಯುಪಿಐ ಪಿನ್ ಕೇಳುವ ಯಾರನ್ನೂ ನಂಬಬೇಡಿ. ದುಡ್ಡು ಪಡೆಯಲು ಪಿನ್ ಬೇಕಿಲ್ಲ.

ಆ್ಯಪ್‌ನವರು ಸ್ಪಂದಿಸದಿದ್ದರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.