ದುಂಡುಮುಖವೋ ಕೋಲುಮುಖವೋ: ಎರಡು ಮಿಲಿಮೀಟರಿನ ಮೇಲೆ ನಿಂತ ತೀರ್ಪು

ಸಲೂನಿನ ಗೋಡೆಯಲ್ಲಿ, ಕನ್ನಡಕ ಮಾರುವವರ ಜಾಹೀರಾತಿನಲ್ಲಿ, ಮದುವೆ ಮೇಕಪ್ಪಿನ ವಿಡಿಯೋಗಳಲ್ಲಿ ಆ ಚಾರ್ಟು ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಮೊಟ್ಟೆಯಾಕಾರ, ದುಂಡು, ಚೌಕ, ಉದ್ದ, ಹೃದಯ, ವಜ್ರ ಹೀಗೆ ಆರೋ ಏಳೋ ಮುಖಗಳು. ದುಂಡುಮುಖದವರು ಚೌಕ ಫ್ರೇಮು ಹಾಕಬೇಕು, ಚೌಕಮುಖದವರು ದುಂಡು ಫ್ರೇಮು. ಕೋಲುಮುಖದವರು ಹಣೆ ಮೇಲೆ ಕೂದಲು ಇಳಿಬಿಡಬೇಕು. ಈ ಸಲಹೆ ಸರಿಯೋ ತಪ್ಪೋ ಎನ್ನುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಅದೇ ಮುಖವನ್ನು ಎರಡು ಸಲ ಅಳೆದರೆ ಅದು ಎರಡು ಸಲವೂ ಅದೇ ಗುಂಪಿಗೆ ಸೇರುತ್ತದೆಯೇ?

ಮುಖವನ್ನು ವಿಂಗಡಿಸುವುದರಲ್ಲಿ ಅತ್ಯಂತ ಶಿಸ್ತಿನ ವಿಧಾನ ಮಾನವಶಾಸ್ತ್ರಜ್ಞರದು. ಮೂಗಿನ ಬೇರಿನಿಂದ, ಅಂದರೆ ಎರಡು ಕಣ್ಣುಗಳ ನಡುವಿನ ತಗ್ಗಿನಿಂದ, ಗದ್ದದ ತುದಿಯವರೆಗೆ ಎತ್ತರ ಅಳೆಯುತ್ತಾರೆ. ಎಡ ಬಲ ಕೆನ್ನೆಮೂಳೆಗಳ ಅತಿ ಹೊರಗಿನ ಬಿಂದುಗಳ ನಡುವೆ ಅಗಲ ಅಳೆಯುತ್ತಾರೆ. ಎತ್ತರವನ್ನು ಅಗಲದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಖದ ಸೂಚ್ಯಂಕ. ಬಳಕೆಯಲ್ಲಿರುವ ಒಂದು ವಿಂಗಡಣೆಯ ಪ್ರಕಾರ 79ರಿಂದ 83.9ರವರೆಗೆ ಅಗಲ ಮುಖ, 84ರಿಂದ 87.9 ಮಧ್ಯಮ, 88ರಿಂದ 92.9 ಕಿರಿದು, ಇವುಗಳ ಆಚೀಚೆ ಅತಿ ಅಗಲ, ಅತಿ ಕಿರಿದು ಎಂಬ ಇನ್ನೆರಡು ಗುಂಪು.

ಒಂದು ಮುಖ ತೆಗೆದುಕೊಳ್ಳೋಣ. ಎತ್ತರ 112 ಮಿಲಿಮೀಟರ್, ಅಗಲ 130. ಸೂಚ್ಯಂಕ ಸುಮಾರು 86, ಮಧ್ಯಮ ಗುಂಪಿನ ಸರಿಯಾಗಿ ನಡುವೆ. ಈಗ ಅಳೆಯುವವರ ಕೈ ಎರಡೇ ಮಿಲಿಮೀಟರ್ ಆಚೀಚೆ ಆಯಿತೆನ್ನಿ. ಗದ್ದದ ಕೆಳಗೆ ಮೆತ್ತನೆಯ ಮಾಂಸ, ಕೆನ್ನೆಮೂಳೆಯ ಮೇಲೆ ಚರ್ಮ ಇರುವಾಗ ಅಷ್ಟು ವ್ಯತ್ಯಾಸ ದೊಡ್ಡದೇನಲ್ಲ. ಎತ್ತರ 110, ಅಗಲ 132 ಬಂದರೆ ಸೂಚ್ಯಂಕ 83.3: ಅಗಲ ಮುಖ. ಎತ್ತರ 114, ಅಗಲ 128 ಬಂದರೆ 89: ಕಿರಿದು ಮುಖ. ಕ್ಯಾಲಿಪರ್ ಹಿಡಿದ ತಜ್ಞರ ಮುಂದೆಯೇ ಒಬ್ಬ ಮನುಷ್ಯ ಮೂರು ಗುಂಪು ಸುತ್ತಿ ಬರಬಹುದು. ಮನೆಯಲ್ಲಿ ಟೇಪು ಹಿಡಿದವರ ಗತಿ ಹೇಳಬೇಕಿಲ್ಲ.

ತಪ್ಪು ಬರೀ ಕೈಯದಲ್ಲ. ಜನರ ಎತ್ತರ ಹೇಗೆ ಕುಳ್ಳಗಿನಿಂದ ಉದ್ದದವರೆಗೆ ಎಡೆಬಿಡದೆ ಹಬ್ಬಿಕೊಂಡು ಸರಾಸರಿಯ ಸುತ್ತ ದಟ್ಟವಾಗಿರುತ್ತದೋ, ಮುಖದ ಅಳತೆಗಳೂ ಹಾಗೆಯೇ. ಇಲ್ಲಿಗೆ ದುಂಡುಮುಖ ಮುಗಿಯಿತು, ಇಲ್ಲಿಂದ ಕೋಲುಮುಖ ಶುರು ಎನ್ನುವಂಥ ಖಾಲಿ ಜಾಗ ನಡುವೆ ಎಲ್ಲೂ ಇಲ್ಲ. ಗೆರೆಗಳನ್ನು ಎಳೆದವರು ನಾವು, ಅದೂ ಜನ ಅತಿ ದಟ್ಟವಾಗಿರುವ ಕಡೆಯಲ್ಲೇ. 130 ಮಿಲಿಮೀಟರ್ ಅಗಲದ ಮುಖದಲ್ಲಿ ಮಧ್ಯಮ ಗುಂಪಿನ ಇಡೀ ಹರವು ಎತ್ತರದ ಲೆಕ್ಕದಲ್ಲಿ ಐದು ಮಿಲಿಮೀಟರ್ ಅಷ್ಟೇ. ಹಾಗಾಗಿ ಬಹಳಷ್ಟು ಮಂದಿ ಯಾವುದಾದರೊಂದು ಗೆರೆಯ ಪಕ್ಕದಲ್ಲೇ ಇರುತ್ತಾರೆ.

ಸಲೂನಿನ ಚಾರ್ಟಿಗೆ ಈ ಶಿಸ್ತೂ ಇಲ್ಲ. ಅಲ್ಲಿ ದುಂಡು, ಉದ್ದ ಎನ್ನುವುದು ಎತ್ತರ ಅಗಲಗಳ ಅನುಪಾತ. ಚೌಕ ಎನ್ನುವುದು ದವಡೆಯ ಮೂಲೆಯ ಮಾತು. ಹೃದಯಾಕಾರ ಎನ್ನುವುದು ಹಣೆಗೂ ಗದ್ದಕ್ಕೂ ಇರುವ ಹೋಲಿಕೆ. ಗಿಡ್ಡ ಅಗಲ ಮುಖ, ಅದಕ್ಕೊಂದು ಎದ್ದು ಕಾಣುವ ದವಡೆ, ಹರವಾದ ಹಣೆ ಇದ್ದವರನ್ನು ಎಲ್ಲಿ ಹಾಕುವುದು? ಒಬ್ಬರು ದುಂಡು ಎನ್ನುತ್ತಾರೆ, ಇನ್ನೊಬ್ಬರು ಚೌಕ ಎನ್ನುತ್ತಾರೆ. ಇಬ್ಬರೂ ತಪ್ಪಲ್ಲ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಆದರೆ ಚಾರ್ಟಿನ ಪ್ರಕಾರ ಒಬ್ಬರ ಮಾತಿಗೆ ಚೌಕ ಫ್ರೇಮು ಬರುತ್ತದೆ, ಇನ್ನೊಬ್ಬರ ಮಾತಿಗೆ ದುಂಡು ಫ್ರೇಮು.

ಇನ್ನೊಂದು ತಮಾಷೆ ನೋಡಿ. ಚಾರ್ಟುಗಳು ಮುಖದ ಉದ್ದವನ್ನು ಕೂದಲಂಚಿನಿಂದ ಅಳೆಯುತ್ತವೆ, ಅಗಲದ ಒಂದೂವರೆ ಪಟ್ಟು ಉದ್ದ ಇದ್ದರೆ ಮೊಟ್ಟೆಯಾಕಾರ ಎನ್ನುತ್ತವೆ. ಕೂದಲಂಚಿನಿಂದ ಗದ್ದಕ್ಕೆ 185 ಮಿಲಿಮೀಟರ್, ಅಗಲ 130 ಇರುವ ಯುವಕನದು 1.42. ಮುಂದಲೆ ಎರಡು ಸೆಂಟಿಮೀಟರ್ ಬೋಳಾದರೆ ಅದು 1.58 ಆಗಿ ಅವನು ಉದ್ದಮುಖದ ಕಡೆ ಸರಿಯುತ್ತಾನೆ. ಮೂಳೆ ಕೂದಲೆಳೆಯಷ್ಟೂ ಬದಲಾಗಿಲ್ಲ. ಹಣೆಗೆ ಕೂದಲು ಇಳಿಬಿಡಿ ಎಂಬ ಸಲಹೆ ಅವನಿಗೆ ಸಿಗುವುದು ಇಳಿಬಿಡಲು ಕೂದಲು ಉಳಿಯದ ಹೊತ್ತಿಗೆ!

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಸೆಲ್ಫಿ. ಇವತ್ತು ಹೆಚ್ಚಿನವರು ತಮ್ಮ ಮುಖದ ಆಕಾರ ಕಂಡುಕೊಳ್ಳುವುದು ಫೋನಿನ ಫೋಟೋದಲ್ಲೇ. ಕ್ಯಾಮೆರಾಕ್ಕೆ ಹತ್ತಿರವಿದ್ದದ್ದು ದೊಡ್ಡದಾಗಿ, ದೂರವಿದ್ದದ್ದು ಚಿಕ್ಕದಾಗಿ ಕಾಣುತ್ತದೆ. ಮುಖ ಚಪ್ಪಟೆ ಹಲಗೆಯಲ್ಲ. 2018ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಲೆಕ್ಕದಲ್ಲಿ, ಐದಡಿ ದೂರದ ಫೋಟೋಗೆ ಹೋಲಿಸಿದರೆ ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ. ಮೂಗು ಚಿಕ್ಕದು ಮಾಡಿಕೊಡಿ ಎಂದು ಬರುವವರು ಸೆಲ್ಫಿ ತೋರಿಸುತ್ತಿದ್ದುದೇ ಈ ಲೆಕ್ಕಕ್ಕೆ ಕಾರಣ.

ಅದೇ ಲೆಕ್ಕವನ್ನು ನಮ್ಮ 112–130ರ ಮುಖಕ್ಕೆ ಹಾಕಿ ನೋಡೋಣ. ಮೂಗಿನ ತುದಿ ಕ್ಯಾಮೆರಾದಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಮೂಗಿನ ಬೇರು, ಗದ್ದ ಅಂದಾಜು 33ರಲ್ಲಿ, ಕೆನ್ನೆಮೂಳೆಯ ಹೊರ ಅಂಚು 39ರಲ್ಲಿ ಇರುತ್ತವೆ. ಅಗಲ ಅಳೆಯುವ ಜಾಗ ಹಿಂದಿರುವುದರಿಂದ ಎತ್ತರಕ್ಕಿಂತ ಅದು ಹೆಚ್ಚು ಕುಗ್ಗುತ್ತದೆ. ಫೋಟೋದ ಮೇಲೆ ಸ್ಕೇಲು ಇಟ್ಟು ಅಳೆದರೆ ಸೂಚ್ಯಂಕ 86ರ ಬದಲು 102ರ ಹತ್ತಿರ, ಅಂದರೆ ಅತಿ ಕಿರಿದು ಮುಖ. ಐದಡಿ ದೂರದಿಂದ ತೆಗೆದರೂ 89ರ ಮೇಲೆಯೇ, ಒಂದು ಗುಂಪು ಆಚೆ. ಗದ್ದ ಸ್ವಲ್ಪ ಎತ್ತಿದರೆ, ಕ್ಯಾಮೆರಾ ಸ್ವಲ್ಪ ಮೇಲಕ್ಕೆ ಹಿಡಿದರೆ ಉತ್ತರ ಮತ್ತೆ ಬೇರೆ.

ಆಕಾರದಿಂದ ಆಯ್ಕೆ ಮಾಡುವ ಈ ಆಸೆ ಹಳೆಯದು. 1914ರಲ್ಲಿ ಲಿಯಾನ್ ವಿಲಿಯಮ್ಸ್ ಎಂಬ ದಂತವೈದ್ಯರು ಮುಖಗಳನ್ನು ಚೌಕ, ಮೊನಚು, ಮೊಟ್ಟೆ ಎಂದು ಮೂರು ಮಾಡಿ, ಮೇಲಿನ ಮುಂದಿನ ಹಲ್ಲನ್ನು ತಲೆಕೆಳಗು ಮಾಡಿದರೆ ಮುಖದ ಆಕಾರವೇ ಸಿಗುತ್ತದೆ ಎಂದರು. ಕೃತಕ ಹಲ್ಲುಗಳ ಅಚ್ಚುಗಳೂ ಅದೇ ಲೆಕ್ಕದಲ್ಲಿ ಬಂದವು. ಮುಂದೆ ನಿಜವಾದ ಮುಖ, ನಿಜವಾದ ಹಲ್ಲುಗಳನ್ನು ಜೊತೆಗಿಟ್ಟು ಅಳೆದವರಲ್ಲಿ ಹಲವರಿಗೆ ಆ ನಂಟು ಸಿಗಲಿಲ್ಲ. ಫ್ರೇಮಿನ ಚಾರ್ಟಿಗೂ ಮುಖಕ್ಕೂ ಅಂಥ ಪರೀಕ್ಷೆ ಮಾಡುವ ಗೋಜಿಗೆ ಮಾರುವವರು ಯಾಕೆ ಹೋದಾರು?

ಚಾರ್ಟು ಬಿಟ್ಟರೆ ಕನ್ನಡಕಕ್ಕೆ ಬೇರೆ ಅಳತೆ ಇದೆ, ಅದು ಫ್ರೇಮಿನ ಕಡ್ಡಿಯ ಒಳಗೆ ಅಚ್ಚಾಗಿಯೂ ಇರುತ್ತದೆ: 52□18 140. ಒಂದೊಂದು ಗಾಜಿನ ಅಗಲ 52 ಮಿಲಿಮೀಟರ್, ಮೂಗಿನ ಮೇಲಿನ ಸೇತುವೆ 18, ಕಡ್ಡಿಯ ಉದ್ದ 140. ಎರಡು ಗಾಜು, ಒಂದು ಸೇತುವೆ ಸೇರಿ 122. ಎರಡೂ ಕಡೆಯ ಅಂಚು, ಕೀಲು ಸೇರಿದರೆ 130 ದಾಟುತ್ತದೆ, 130ರ ಮುಖಕ್ಕೆ ಹೆಚ್ಚು ಕಡಿಮೆ ಸರಿ. ಅದೇ ಫ್ರೇಮು 145ರ ಮುಖಕ್ಕೆ ಕಪಾಲ ಹಿಚುಕುತ್ತದೆ, ಅದು ದುಂಡೋ ಚೌಕವೋ ಏನೇ ಇರಲಿ. ಮೂಗಿನ ಬೇರು ತಗ್ಗಾಗಿದ್ದವರಿಗೆ ಪ್ಲಾಸ್ಟಿಕ್ ಸೇತುವೆ ಜಾರಿ, ನಕ್ಕಾಗ ಕೆನ್ನೆ ಗಾಜಿನಂಚಿಗೆ ತಾಗುತ್ತದೆ. ಬಗ್ಗಿಸಬಹುದಾದ ಮೂಗಿನ ಪ್ಯಾಡ್ ಇರುವ ಲೋಹದ ಫ್ರೇಮು ಅಂಥವರಿಗೆ ವಾಸಿ. ಏಳು ಮುಖಗಳ ಚಾರ್ಟಿನಲ್ಲಿ ಮೂಗಿನ ಪ್ರಸ್ತಾಪವೇ ಇಲ್ಲ.

ಕೂದಲಿನದೂ ಹಾಗೆಯೇ: ನೆತ್ತಿಯ ಸುಳಿ ಯಾವ ಕಡೆ ತಿರುಗಿದೆ, ಎಳೆ ದಪ್ಪವೋ ನಯವೋ, ಒಣಗಿದ ಮೇಲೆ ಎಷ್ಟು ಗಿಡ್ಡವಾಗುತ್ತದೆ ಎಂಬುದನ್ನು ಅನುಭವಿ ಕ್ಷೌರಿಕರು ಬಾಚಣಿಗೆ ಹಾಕಿದ ಕೂಡಲೇ ನೋಡಿಬಿಡುತ್ತಾರೆ. ಇನ್ನು ಒಪ್ಪುತ್ತದೋ ಇಲ್ಲವೋ ಎಂದು ನೋಡಲು ಫೋನಿಗಿಂತ ಕನ್ನಡಿ ಮೇಲು, ಆದರೆ ಮೂಗು ತಾಗಿಸಿಕೊಂಡು ನೋಡುವುದಲ್ಲ. ಕನ್ನಡಿಯೊಳಗಿನ ಬಿಂಬ ನಾವು ನಿಂತಷ್ಟೇ ದೂರ ಆಚೆಗಿರುತ್ತದೆ. ಎರಡೂವರೆ ಅಡಿ ಹಿಂದೆ ನಿಂತರೆ ಐದಡಿ ದೂರದಿಂದ ನೋಡಿದ ಹಾಗಾಯಿತು, ಎದುರಿಗೆ ನಿಂತು ಮಾತಾಡುವವರಿಗೆ ಕಾಣುವುದೂ ಹೆಚ್ಚು ಕಡಿಮೆ ಅದೇ.